ಸ್ಕ್ರೀನ್‌ಶಾಟ್‌ನಲ್ಲಿ ಕಾಣದ ಪಾಲು: ಪಟ್ಟಿ ಎತ್ತಿದ ಬಾಜು ಮನೆಯವರಿಗೆ ರೂಪಾಯಿ ಸಮೇತ ಧನ್ಯವಾದ ಬರೆಯುವುದು ಹೇಗೆ

ಕಳೆದ ಮೇ ತಿಂಗಳಲ್ಲಿ ನಮ್ಮ ಓಣಿಯ ಬೋರ್ ಮೋಟರ್ ಸುಟ್ಟಿತು. ಕಲಬುರಗಿಯಲ್ಲಿ ಆಳಂದ ರಸ್ತೆ ಕಡೆ ನಮ್ಮ ಎಂಟು ಮನೆಗೆ ಇರುವುದು ಅದೊಂದೇ ಬೋರ್. ಮೇ ತಿಂಗಳ ಬಿಸಿಲು ಹೇಗಿರುತ್ತದೆ ಅಂತ ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಬಾಜು ಮನೆ ವೈನಿ ಯಾರನ್ನೂ ಕಾಯಲಿಲ್ಲ. ಮೋಟರ್ ಎತ್ತುವವರನ್ನು ಕರೆಸಿದರು, ರಿವೈಂಡಿಂಗ್ ಅಂಗಡಿಗೆ ಕಳಿಸಿದರು, ಪೂರ್ತಿ ಬಿಲ್ಲನ್ನು ತಾವೇ ಕೊಟ್ಟರು. ಆಮೇಲೆ ಮನೆಗೆ ಇಷ್ಟು ಅಂತ ಪಟ್ಟಿ ಹಾಕಿದರು. ಎಲ್ಲರೂ ಫೋನಿನಲ್ಲೇ ದುಡ್ಡು ಹಾಕಿ ಓಣಿಯ ವಾಟ್ಸಾಪ್ ಗ್ರೂಪಿಗೆ ಸ್ಕ್ರೀನ್‌ಶಾಟ್ ಕಳಿಸಿದೆವು.

ಅವರಿಗೆ ಒಂದು ಚೀಟಿ ಬರೆದು ಕೊಡಬೇಕು ಅನ್ನಿಸಿತು. ಸುಮ್ನೆ "ತುಂಬಾ ಥ್ಯಾಂಕ್ಸ್ ವೈನಿ" ಅಂತ ಅಲ್ಲ, ಯಾರ ಮನೆಯಿಂದ ಎಷ್ಟು ಬಂತು, ಅವರ ಕೈಯಿಂದ ಎಷ್ಟು ಹೋಯಿತು ಅನ್ನುವುದನ್ನು ಸರಿಯಾಗಿ ಬರೆಯಬೇಕು ಅಂತ. ದುಡ್ಡು ಎತ್ತಿದವರ ಮೇಲೆ ಮುಂದೆ ಯಾವಾಗಲಾದರೂ ಯಾರಾದರೂ ಒಂದು ಮಾತು ಎತ್ತಿದರೆ, ಆ ಚೀಟಿ ಅವರ ಹತ್ತಿರ ಇರಲಿ ಅನ್ನುವುದೂ ಮನಸ್ಸಿನಲ್ಲಿತ್ತು. ಬರೆಯಲು ಕೂತಾಗ ಮೊದಲ ಲೆಕ್ಕವೇ ಸಾವಿರ ರೂಪಾಯಿ ತಪ್ಪಿತು. ಎಲ್ಲಿ ತಪ್ಪಿತು, ಹೇಗೆ ಸರಿ ಮಾಡಿದೆ, ಕೊನೆಗೆ ಏನು ಬರೆದೆ ಅನ್ನುವುದನ್ನು ಒಂದೊಂದಾಗಿ ಹೇಳುತ್ತೇನೆ. ನಿಮ್ಮದು ಗಣೇಶನ ಪಟ್ಟಿ ಇರಲಿ, ಟ್ಯಾಂಕರ್ ನೀರಿನದು ಇರಲಿ, ದಾರಿ ಇದೇ.

ಮೊದಲು ಬಿಲ್ಲು ಹಿಡಿಯಿರಿ, ಸ್ಕ್ರೀನ್‌ಶಾಟ್ ಆಮೇಲೆ

ಸ್ಕ್ರೀನ್‌ಶಾಟ್ ನೋಡಿದರೆ ಎಷ್ಟು ಬಂತು ಅಂತ ಗೊತ್ತಾಗುತ್ತದೆ. ಎಷ್ಟು ಖರ್ಚಾಯಿತು ಅಂತ ಗೊತ್ತಾಗುವುದಿಲ್ಲ. ಹಾಗಾಗಿ ಬಿಲ್ಲಿನ ಫೋಟೋ ಮೊದಲು ಬೇಕು. ನಮ್ಮ ಬಿಲ್ಲಿನಲ್ಲಿ ಮೂರು ಸಾಲು ಇದ್ದವು. ಮೋಟರ್ ಎತ್ತಿ ಮತ್ತೆ ಇಳಿಸಿದ್ದಕ್ಕೆ 3,000 ರೂಪಾಯಿ, ರಿವೈಂಡಿಂಗ್‌ಗೆ 5,500, ಕೇಬಲ್ ಜಾಯಿಂಟು, ಹಗ್ಗ, ಕ್ಲ್ಯಾಂಪು ಸೇರಿ 1,150. ಒಟ್ಟು 9,650.

ಇದನ್ನು ಎಂಟು ಮನೆಗೆ ಹಂಚಿದರೆ ಒಂದು ಮನೆಗೆ 1,206 ರೂಪಾಯಿ 25 ಪೈಸೆ ಬರುತ್ತದೆ. ವೈನಿ ಅದನ್ನು 1,210 ಮಾಡಿದರು. ಹೀಗೆ ಹೆಚ್ಚುಕಡಿಮೆ ಮಾಡಿದ ಮೊತ್ತ ಇದ್ದಲ್ಲಿ "ಪಾಲು ಇಷ್ಟು ಅಂತ ಹೇಳಿದ್ದು" ಮತ್ತು "ನಿಜವಾಗಿ ಬಂದದ್ದು" ಎರಡನ್ನೂ ಬೇರೆ ಬೇರೆ ಬರೆದಿಟ್ಟುಕೊಳ್ಳಿ. ಚೀಟಿಗೆ ಹೋಗಬೇಕಾದದ್ದು ಎರಡನೆಯದು. ಎಂಟು ಮನೆಯಿಂದ ತಲಾ 1,210 ಬಂತು ಅಂತ ಗುಣಾಕಾರ ಮಾಡಿ ಬರೆದುಬಿಟ್ಟರೆ ಅದು ಸುಳ್ಳಾಗುತ್ತದೆ, ಯಾಕೆಂದರೆ ಓಣಿಯಲ್ಲಿ ಎಲ್ಲರೂ ಒಂದೇ ಮೊತ್ತ ಹಾಕುವುದು ಬಹಳ ಕಡಿಮೆ.

ಕಳಿಸಿದವರ ಸ್ಕ್ರೀನ್‌ಶಾಟ್ ಅಲ್ಲ, ಪಡೆದವರದು

ನಾನು ತಪ್ಪಿದ್ದು ಇಲ್ಲೇ. ಗ್ರೂಪಿನಲ್ಲಿ ಬಂದಿದ್ದ ಸ್ಕ್ರೀನ್‌ಶಾಟ್‌ಗಳನ್ನು ಮೇಲಿಂದ ಕೆಳಗೆ ಕೂಡಿಸಿದೆ. ಮಾಸ್ತರರ ಮನೆ 1,210. ಕಿರಾಣಿ ಅಂಗಡಿ ಕಾಕಾ 1,210. ಟೇಲರ್ ಅಣ್ಣ 1,000. ಎದುರು ಮನೆ ಭಾಬಿ 1,210. ಪೆನ್ಷನ್ ಅಜ್ಜ 1,500. ಮೂಲೆ ಮನೆ ಅಜ್ಜಿ 605. ನಮ್ಮ ಮನೆಯದು 1,210, ಅದರ ಕೆಳಗೆ ನಮ್ಮದೇ ಇನ್ನೊಂದು 1,210. ಒಟ್ಟು 9,155 ಆಯಿತು. ಬಿಲ್ಲಿನಲ್ಲಿ ಕಳೆದರೆ ವೈನಿಯ ಪಾಲು ಬರೀ 495. ಇದನ್ನೇ ಚೀಟಿಯಲ್ಲಿ ಬರೆದು ಕೊಟ್ಟಿದ್ದರೆ ಅವರ ಮನಸ್ಸಿಗೆ ಎಷ್ಟು ಬೇಸರ ಆಗುತ್ತಿತ್ತು ಅಂತ ಈಗಲೂ ಯೋಚಿಸುತ್ತೇನೆ.

ಆಗಿದ್ದು ಇಷ್ಟು. ನಾನು ಮೊದಲ ಸಲ ಹಾಕಿದಾಗ ಸರ್ವರ್ ನಿಧಾನ ಇತ್ತು. ಪರದೆಯ ಮೇಲೆ 1,210 ಅಂತ ದೊಡ್ಡದಾಗಿ ಬಂತು, ಕೆಳಗೆ ಸಣ್ಣಕ್ಷರದಲ್ಲಿ Processing ಅಂತ ಇತ್ತು. ಅದನ್ನು ಸರಿಯಾಗಿ ನೋಡದೆ ಸ್ಕ್ರೀನ್‌ಶಾಟ್ ತೆಗೆದು ಗ್ರೂಪಿಗೆ ಹಾಕಿದೆ. ದುಡ್ಡು ವೈನಿಗೆ ಹೋಗಲಿಲ್ಲ. ಮರುದಿನ ಅದು ನನ್ನ ಖಾತೆಗೆ ವಾಪಸ್ ಬಂತು, ಆಮೇಲೆ ಇನ್ನೊಮ್ಮೆ ಹಾಕಿದೆ, ಅದರ ಸ್ಕ್ರೀನ್‌ಶಾಟನ್ನೂ ಕಳಿಸಿದೆ. ಹಳೆಯದನ್ನು ಅಳಿಸಲಿಲ್ಲ. ಇನ್ನೊಂದು ಕಡೆ ಟೇಲರ್ ಅಣ್ಣ ಅವತ್ತು 1,000 ಹಾಕಿ, ಮರುದಿನ ಉಳಿದ 210 ಹಾಕಿದ್ದರು. ಎರಡನೆಯದರ ಸ್ಕ್ರೀನ್‌ಶಾಟ್ ಕಳಿಸುವುದು ಅವರಿಗೆ ಮರೆತಿತ್ತು. ಒಂದು ಕಡೆ 1,210 ಜಾಸ್ತಿ, ಇನ್ನೊಂದು ಕಡೆ 210 ಕಡಿಮೆ. ಸರಿಯಾಗಿ ಸಾವಿರದ ತಪ್ಪು.

ಹಾಗಾಗಿ ಮೊತ್ತದ ಅಂಕಿಗಿಂತ ಮೊದಲು ಸ್ಥಿತಿಯ ಪದ ನೋಡಿ. ಫೋನ್‌ಪೇಯಲ್ಲಿ Transaction Successful, ಗೂಗಲ್ ಪೇಯಲ್ಲಿ Completed ಅಂತ ಇದ್ದರೆ ಮಾತ್ರ ಅದು ಹೋದ ದುಡ್ಡು. Pending, Processing, Failed ಇದ್ದರೆ ಆ ಚಿತ್ರವನ್ನು ಪಕ್ಕಕ್ಕಿಡಿ. ನಮ್ಮ ಖಾತೆಯಿಂದ ದುಡ್ಡು ಕಡಿತವಾಗಿ ಅವರಿಗೆ ಜಮಾ ಆಗದೇ ಇದ್ದರೆ ಮರುದಿನದೊಳಗೆ ಅದು ತಾನಾಗಿಯೇ ವಾಪಸ್ ಬರಬೇಕು, ತಡವಾದರೆ ಬ್ಯಾಂಕು ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ 2019ರ ನಿಯಮ ಇದೆ. ಅಂದರೆ ಸಿಕ್ಕಿಬಿದ್ದ ದುಡ್ಡು ಯಾವ ಕಡೆ ಹೋಯಿತು ಅಂತ ಗೊತ್ತಾಗಲು ಒಂದು ದಿನ ಸಾಕು. ಅಲ್ಲಿಯವರೆಗೆ ಚೀಟಿ ಬರೆಯುವುದನ್ನು ತಡೆಹಿಡಿಯಿರಿ.

ಇನ್ನೊಂದು, ಯುಪಿಐಯಲ್ಲಿ ಒಬ್ಬರಿಗೊಬ್ಬರು ದುಡ್ಡು ಕೇಳಿ ರಿಕ್ವೆಸ್ಟ್ ಕಳಿಸುವುದು 2025ರ ಅಕ್ಟೋಬರ್‌ನಲ್ಲಿ ನಿಂತಿತು, ಆದರೆ ಹಳೆಯ ರಿಕ್ವೆಸ್ಟಿನ ಪರದೆಯಲ್ಲೂ ಹೆಸರು, ಮೊತ್ತ ಎಲ್ಲಾ ಇರುತ್ತದೆ. ಅದು ಕೇಳಿದ ದುಡ್ಡು, ಕೊಟ್ಟದ್ದಲ್ಲ. ಖರ್ಚು ಹಂಚುವ ಸೌಲಭ್ಯದಲ್ಲಿ ಕಾಣುವ ಪಾಲಿನ ಮೊತ್ತಕ್ಕೂ ಇದೇ ಮಾತು.

ಇಷ್ಟೆಲ್ಲಾ ಜರಡಿ ಹಿಡಿಯುವುದಕ್ಕಿಂತ ಸುಲಭದ ದಾರಿ ಅಂದರೆ ಪಡೆದವರ ಫೋನಿನ ಹಿಸ್ಟರಿ ಕೇಳುವುದು. ಕಳಿಸಿದವರ ಪರದೆ "ನಾನು ಕೊಟ್ಟೆ" ಅನ್ನುತ್ತದೆ, ಪಡೆದವರ ಪರದೆಯಲ್ಲಿ Received from ಅಂತ ಬಂದರೆ ದುಡ್ಡು ಖಾತೆಗೆ ಮುಟ್ಟಿದೆ ಅಂತ. ಆದರೆ ಕೇಳುವ ರೀತಿ ನೋಡಿಕೊಳ್ಳಿ. "ಲೆಕ್ಕ ತೋರಿಸಿ" ಅಂದರೆ ಯಾರಿಗಾದರೂ ಚುರುಕ್ ಅನ್ನುತ್ತದೆ. ನಾನು ಹೋಗಿ, "ವೈನಿ, ನಮ್ಮದು ಎರಡು ಸಲ ಬಂದದೋ ಒಂದು ಸಲವೋ ನೋಡ್ತೀರೇನ್ರಿ, ನನಗೇ ಗೊಂದಲ ಆಗ್ಯದ" ಅಂದೆ. ಅದು ನಿಜವೂ ಆಗಿತ್ತು. ಅವರು ತಾವಾಗಿಯೇ ಫೋನ್ ತೆರೆದು ನನ್ನ ಕೈಗೆ ಕೊಟ್ಟರು.

ಸಾಲು ಎಣಿಸಿದರೆ ಮನೆ ಎಣಿಸಿದಂತೆ ಅಲ್ಲ

ವೈನಿಯ ಹಿಸ್ಟರಿಯಲ್ಲಿ ಆ ಮೂರು ದಿನದಲ್ಲಿ ಬಂದ ದುಡ್ಡಿನ ಒಂಬತ್ತು ಸಾಲು ಇದ್ದವು. ಅದರಲ್ಲಿ ಒಂದು 80 ರೂಪಾಯಿ. ವೈನಿ ಸೀರೆಗೆ ಫಾಲ್ ಹಚ್ಚುತ್ತಾರೆ, ಅದು ಆ ದುಡ್ಡು, ಪಟ್ಟಿಗೆ ಸಂಬಂಧ ಇಲ್ಲ. ಬಿಟ್ಟೆ. ಉಳಿದದ್ದು ಎಂಟು ಸಾಲು. ಎಂಟು ಮನೆ, ಎಂಟು ಸಾಲು, ಸರಿಹೋಯಿತು ಅಂತ ಒಂದು ಕ್ಷಣ ಅನ್ನಿಸಿತು. ಆದರೆ ಟೇಲರ್ ಅಣ್ಣನದು ಎರಡು ಸಾಲು. ಅಂದರೆ ಕಾಣುತ್ತಿದ್ದದ್ದು ಏಳೇ ಮನೆ.

ಎಂಟನೆಯ ಮನೆ ವೈನಿಯದೇ. ತಮಗೆ ತಾವೇ ಯಾರೂ ದುಡ್ಡು ಕಳಿಸುವುದಿಲ್ಲ ಅಲ್ವಾ? ಪಟ್ಟಿ ಎತ್ತಿದವರ ಸ್ವಂತ ಪಾಲು ಯಾವ ಸ್ಕ್ರೀನ್‌ಶಾಟ್‌ನಲ್ಲೂ ಬರುವುದಿಲ್ಲ. ಈ ಇಡೀ ಬರಹದಲ್ಲಿ ಒಂದೇ ಒಂದು ವಿಷಯ ನೆನಪಿಡುವುದಾದರೆ ಇದನ್ನು ಇಡಿ. ಚಿತ್ರದಲ್ಲಿ ಇರುವುದನ್ನಷ್ಟೇ ನಕಲು ಮಾಡಿ ಚೀಟಿ ಬರೆದರೆ, ಯಾರಿಗೆ ಧನ್ಯವಾದ ಹೇಳುತ್ತಿದ್ದೇವೋ ಅವರ ಹೆಸರೇ ಪಟ್ಟಿಯಲ್ಲಿ ಇರುವುದಿಲ್ಲ. ಅವರ ಪಾಲನ್ನು ಬಿಲ್ಲಿನಿಂದ ಕಳೆದೇ ಹುಡುಕಬೇಕು.

ಹೆಸರುಗಳ ವಿಷಯದಲ್ಲೂ ಸ್ವಲ್ಪ ತಾಳ್ಮೆ ಬೇಕು. ಆ್ಯಪು ತೋರಿಸುವುದು ಖಾತೆ ಯಾರ ಹೆಸರಿನಲ್ಲಿದೆಯೋ ಆ ಹೆಸರು, ಇಲ್ಲವೇ ನಾವು ಫೋನಿನಲ್ಲಿ ಉಳಿಸಿಕೊಂಡ ಹೆಸರು. ಭಾಬಿಯ ಪಾಲು ಅವರ ಮಗನ ಫೋನಿನಿಂದ ಬಂದಿತ್ತು. ಅಜ್ಜಿಯ 605 ಹೈದರಾಬಾದಿನಲ್ಲಿರುವ ಮೊಮ್ಮಗ ಹಾಕಿದ್ದ, ಆ ಹೆಸರು ಓಣಿಯಲ್ಲಿ ನನಗೆ ಗೊತ್ತೇ ಇರಲಿಲ್ಲ. ಊಹೆ ಮಾಡಬೇಡಿ, ಕೇಳಿ. ಚೀಟಿಯಲ್ಲಿ ಮಾತ್ರ ಮನೆಯ ಹೆಸರು ಬರೆಯಿರಿ, ಖಾತೆಯ ಹೆಸರು ಬೇಡ. "ಎದುರು ಮನೆ ಭಾಬಿ" ಅಂದರೆ ಓದುವವರಿಗೆ ಮುಖ ಕಾಣುತ್ತದೆ.

ಅಂಕಿ ಬರೆದುಕೊಳ್ಳುವಾಗ ಚಿತ್ರವನ್ನು ದೊಡ್ಡದು ಮಾಡಿ ನೋಡಿ. ವಾಟ್ಸಾಪ್‌ನಲ್ಲಿ ಕಳಿಸಿದ ಚಿತ್ರ ಸ್ವಲ್ಪ ಮಸುಕಾಗುತ್ತದೆ, 1,210 ಮತ್ತು 1,270 ಒಂದೇ ಥರ ಕಾಣುತ್ತವೆ. ಅಂಚು ಕತ್ತರಿಸಿಹೋದ ಚಿತ್ರದಲ್ಲಿ ಮೊದಲ ಅಂಕಿಯೇ ಹಾರಿಹೋಗಿರಬಹುದು. ತಾರೀಖು ಬೇಕಿದ್ದರೆ ವ್ಯವಹಾರದ ಕೆಳಗಿರುವುದನ್ನು ತೆಗೆದುಕೊಳ್ಳಿ. ಪರದೆಯ ತುದಿಯಲ್ಲಿ ಬ್ಯಾಟರಿ ಪಕ್ಕ ಕಾಣುವ ಸಮಯ ಸ್ಕ್ರೀನ್‌ಶಾಟ್ ತೆಗೆದ ಸಮಯ ಅಷ್ಟೇ.

ಕೊನೆಗೆ ನನ್ನ ಕಾಗದದಲ್ಲಿ ಉಳಿದದ್ದು ಇದು:

ಮಾಸ್ತರರ ಮನೆ: 1,210
ಕಿರಾಣಿ ಕಾಕಾ: 1,210
ಟೇಲರ್ ಅಣ್ಣ: 1,000 + 210
ಎದುರು ಮನೆ ಭಾಬಿ: 1,210
ಪೆನ್ಷನ್ ಅಜ್ಜ: 1,500
ಮೂಲೆ ಮನೆ ಅಜ್ಜಿ: 605
ನಮ್ಮ ಮನೆ: 1,210
ಬಂದ ಒಟ್ಟು: 8,155

9,650ರಲ್ಲಿ 8,155 ಕಳೆದರೆ 1,495. ಅದು ವೈನಿಯ ಕೈಯಿಂದ ಹೋದ ದುಡ್ಡು. ನಾವೆಲ್ಲಾ ಅವರೂ 1,210 ಹಾಕಿದ್ದಾರೆ ಅಂದುಕೊಂಡಿದ್ದೆವು. ಅಜ್ಜಿ ಒಬ್ಬರೇ ಇರುವವರು, ಅರ್ಧ ಕೊಟ್ಟರೆ ಸಾಕು ಅಂತ ಹೇಳಿದ್ದು ವೈನಿಯೇ. ಆ ಕಡಿಮೆ ಬಿದ್ದದ್ದರಲ್ಲಿ ಒಂದಿಷ್ಟು ಪೆನ್ಷನ್ ಅಜ್ಜ ಜಾಸ್ತಿ ಹಾಕಿದ್ದರಿಂದ ತುಂಬಿತು, ಉಳಿದದ್ದನ್ನು ವೈನಿ ಯಾರಿಗೂ ಹೇಳದೆ ತಾವೇ ತುಂಬಿದ್ದರು. ಸ್ಕ್ರೀನ್‌ಶಾಟ್‌ಗಳನ್ನು ಎದುರಿಗೆ ಇಟ್ಟುಕೊಂಡು ಕಳೆದು ನೋಡದೇ ಇದ್ದರೆ ಇದು ಓಣಿಯಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಎರಡು ಚೀಟಿ ಬೇಕು

ಯಾರು ಓದುತ್ತಾರೆ ಅನ್ನುವುದನ್ನು ಈಗ ನಿರ್ಧರಿಸಿ. ವೈನಿಯ ಕೈಗೆ ಕೊಡುವ ಚೀಟಿಯಲ್ಲಿ ಮನೆ ಮನೆಯ ಮೊತ್ತ ಬರೆಯಬಹುದು, ಅವರಿಗೆ ಅದು ಹೇಗೂ ಗೊತ್ತಿರುವುದೇ. ಗ್ರೂಪಿಗೆ ಹಾಕುವ ಮಾತಿನಲ್ಲಿ ಅದು ಬೇಡ. ಅಜ್ಜಿಯ 605 ಎಲ್ಲರೆದುರು ಬಂದರೆ ವೈನಿ ಮುಚ್ಚಿಟ್ಟ ಮಾತನ್ನು ನಾವು ಬಯಲಿಗೆ ಎಳೆದಂತೆ. 1,500 ಹಾಕಿದ ಅಜ್ಜನಿಗೂ ಅದನ್ನು ಸಾರಿ ಹೇಳುವುದು ಇಷ್ಟ ಇರಲಿಲ್ಲ, ಕೇಳಿದಾಗ "ಬ್ಯಾಡ ತಂಗಿ, ಅದೇನು ಹೇಳೂದು" ಅಂದುಬಿಟ್ಟರು. ಹಾಗಾಗಿ ಗ್ರೂಪಿಗೆ ನಾನು ಬರೆದದ್ದು ಇಷ್ಟೇ: "ಬೋರ್ ಮೋಟರ್ ಬಿಲ್ಲು 9,650. ಏಳು ಮನೆಯಿಂದ ಬಂದದ್ದು 8,155. ಉಳಿದ 1,495 ಬಾಜು ಮನೆ ವೈನಿ ತಮ್ಮ ಕೈಯಿಂದ ಹಾಕಿದ್ದಾರೆ. ಅವರಿಗೆ ನಮ್ಮೆಲ್ಲರ ಧನ್ಯವಾದ." ಕೊನೆಯ ಅಂಕಿ ಹಾಕಲು ವೈನಿಯನ್ನೂ ಕೇಳಿಯೇ ಹಾಕಿದೆ.

ಸ್ಕ್ರೀನ್‌ಶಾಟನ್ನು ಚೀಟಿಯ ಜೊತೆ ಅಂಟಿಸುವ ಅಗತ್ಯ ನನಗೆ ಕಾಣಲಿಲ್ಲ. ನೀವು ಅಂಟಿಸುವುದಾದರೆ ಬೇಡದ ಭಾಗವನ್ನು ಕತ್ತರಿಸಿ ತೆಗೆಯಿರಿ. ಯುಪಿಐ ಐಡಿಯಲ್ಲಿ ಬಹಳ ಸಲ ಫೋನ್ ನಂಬರೇ ಇರುತ್ತದೆ. ಖಾತೆಯ ಕೊನೆಯ ಅಂಕಿಗಳು, 12 ಅಂಕಿಯ ವ್ಯವಹಾರ ಸಂಖ್ಯೆ, ಇವು ದೂರು ಕೊಡಲು ಬೇಕಾಗುತ್ತವೆ, ಧನ್ಯವಾದ ಹೇಳಲು ಬೇಡ. ಮಾರ್ಕರ್ ಪೆನ್ನಿನಿಂದ ಗೀಚಿ ಮುಚ್ಚಿದರೆ ಬೆಳಕು ಹೆಚ್ಚು ಮಾಡಿದಾಗ ಒಳಗಿನ ಅಂಕಿ ಕಾಣುವುದುಂಟು, ಅದಕ್ಕೇ ಕತ್ತರಿಸಿ ಅಂದೆ.

ಬರೆಯುವುದು

ನಮ್ಮ ಕಡೆ ದುಡ್ಡಿನ ಲೆಕ್ಕ ಬರೆದು ಕೊಡುವುದು ಅಂದರೆ "ಚುಕ್ತಾ ಆಯಿತು, ಇನ್ನು ನಿಮಗೂ ನಮಗೂ ಬಾಕಿ ಇಲ್ಲ" ಅಂದಂತೆ ಕೇಳಿಸಬಹುದು. ಅದಕ್ಕೆ ಚೀಟಿ ಅಂಕಿಯಿಂದ ಶುರುವಾಗಬಾರದು. ಅವರು ಮಾಡಿದ ಕೆಲಸದಲ್ಲಿ ನೀವು ಕಣ್ಣಾರೆ ಕಂಡ ಒಂದನ್ನು ಮೊದಲು ಬರೆಯಿರಿ. "ತುಂಬಾ ಕಷ್ಟಪಟ್ಟಿರಿ" ಅಂತ ಅಲ್ಲ, ಏನು ಮಾಡಿದರು ಅಂತ. ನನಗೆ ನೆನಪಿದ್ದದ್ದು ಮೋಟರ್ ಎತ್ತಿದ ಮಧ್ಯಾಹ್ನ. ಪೈಪುಗಳನ್ನು ಒಂದೊಂದಾಗಿ ಬಿಚ್ಚಿ ಓಣಿಯುದ್ದಕ್ಕೂ ಮಲಗಿಸಿದ್ದರು, ಸುಟ್ಟ ತಂತಿಯ ವಾಸನೆ ಬರುತ್ತಿತ್ತು, ವೈನಿ ತಲೆ ಮೇಲೆ ಸೆರಗು ಹಾಕಿಕೊಂಡು ಅಲ್ಲೇ ನಿಂತು ಎಷ್ಟು ಪೈಪು ಹೊರಗೆ ಬಂದವು ಅಂತ ಎಣಿಸುತ್ತಿದ್ದರು.

ಅಂಕಿ ಬಂದಾಗ ಪೂರ್ತಿ ಅಂಕಿ ಬರೆಯಿರಿ. "ಸುಮಾರು ಒಂದೂವರೆ ಸಾವಿರ" ಅಂತ ಬರೆದರೆ ಇಷ್ಟು ಹುಡುಕಿದ್ದೂ ವ್ಯರ್ಥ. ಪರದೆಯ ಮೇಲೆ ಇದ್ದಂತೆ 1, 2, 3 ಅಂಕಿಯನ್ನೇ ಬಳಸಿ, ಕನ್ನಡ ಅಂಕಿಯಲ್ಲಿ ೬ ಮತ್ತು ೯ ಕೈಬರಹದಲ್ಲಿ ಒಂದರಂತೆ ಒಂದು ಕಾಣುತ್ತವೆ. ₹ ಗುರುತನ್ನು ಕೈಯಲ್ಲಿ ಬರೆದರೆ ಅದು ಅಂಕಿಗೆ ಅಂಟಿಕೊಂಡು 2ರಂತೆಯೋ 7ರಂತೆಯೋ ಕಾಣಬಹುದು, "ರೂಪಾಯಿ" ಅಂತ ಬರೆಯುವುದು ಒಳ್ಳೆಯದು. ಮುಖ್ಯವಾದ ಒಂದು ಮೊತ್ತವನ್ನು ಅಕ್ಷರದಲ್ಲೂ ಬರೆಯಿರಿ. ಎಲ್ಲವನ್ನೂ ಅಕ್ಷರದಲ್ಲಿ ಬರೆದರೆ ಅದು ಚೀಟಿ ಅಲ್ಲ, ಕರಾರುಪತ್ರ ಆಗುತ್ತದೆ.

ನಾನು ಬರೆದದ್ದು ಹೀಗಿತ್ತು:

"ವೈನಿ, ಶರಣು.

ಗುರುವಾರ ಮಧ್ಯಾಹ್ನ ಆ ಬಿಸಿಲಿನಲ್ಲಿ ನೀವು ಬೋರಿನ ಹತ್ತಿರ ನಿಂತು ಪೈಪು ಎಣಿಸಿದ್ದನ್ನು ನಾನು ಕಿಟಕಿಯಿಂದ ನೋಡಿದೆ. ಮೋಟರ್ ಎತ್ತುವ ಹುಡುಗರಿಗೆ ಎರಡು ಸಲ ಮಜ್ಜಿಗೆ ಕೊಟ್ಟಿರಿ. ಶನಿವಾರ ಬೆಳಿಗ್ಗೆ ನಮ್ಮ ಮನೆಯ ಟಾಕಿಗೆ ನೀರು ಬಿದ್ದ ಸಪ್ಪಳ ಕೇಳಿ ನಮ್ಮತ್ತೆ ಮೊದಲು ಹೇಳಿದ ಹೆಸರು ನಿಮ್ಮದು.

ಬಿಲ್ಲು 9,650 ರೂಪಾಯಿ. ನಿಮ್ಮ ಫೋನಿನಲ್ಲಿ ಕಂಡಂತೆ ಬಂದದ್ದು: ಮಾಸ್ತರರ ಮನೆ 1,210, ಕಿರಾಣಿ ಕಾಕಾ 1,210, ಟೇಲರ್ ಅಣ್ಣ 1,000 ಮತ್ತು 210, ಭಾಬಿ 1,210, ಪೆನ್ಷನ್ ಅಜ್ಜ 1,500, ಮೂಲೆ ಮನೆ ಅಜ್ಜಿ 605, ನಾವು 1,210. ಒಟ್ಟು 8,155 ರೂಪಾಯಿ.

ಉಳಿದ 1,495, ಅಂದರೆ ಸಾವಿರದ ನಾನೂರ ತೊಂಬತ್ತೈದು ರೂಪಾಯಿ, ನೀವು ಹಾಕಿದ್ದೀರಿ. ಇದನ್ನು ನೀವು ಯಾರಿಗೂ ಹೇಳಲಿಲ್ಲ. ಅದಕ್ಕೆ ನಾನು ಬರೆದು ಕೊಡುತ್ತಿದ್ದೇನೆ. ಎಂಟೂ ಮನೆಗೆ ನೀರು ಬಂದದ್ದು ನೀವು ಮುಂದೆ ಬಂದದ್ದರಿಂದ.

ಧನ್ಯವಾದ, ವೈನಿ.
ನಿಮ್ಮ ಬಾಜು ಮನೆಯವರು"

ಇದರಲ್ಲಿ ಬಿಟ್ಟದ್ದನ್ನೂ ಹೇಳುತ್ತೇನೆ. ಜಾಸ್ತಿ ಹಾಕಿದ್ದನ್ನು ವಾಪಸ್ ಕೊಡುತ್ತೇವೆ ಅಂತ ಬರೆಯಲಿಲ್ಲ. ಕೊಡುವುದಿದ್ದರೆ ಹೋಗಿ ಮಾತಾಡಬೇಕು, ಧನ್ಯವಾದದ ಚೀಟಿಯಲ್ಲಿ ಸಾಲ ತೀರಿಸುವ ಮಾತು ಕೂತರೆ ಎರಡೂ ಕೆಡುತ್ತವೆ. ನಿಮ್ಮ ಪಾಲೇ ಇನ್ನೂ ಬಾಕಿ ಇದ್ದರಂತೂ ಮೊದಲು ಅದನ್ನು ಹಾಕಿ, ಅದು ಮುಟ್ಟಿದೆ ಅಂತ ನೋಡಿ, ಆಮೇಲೆ ಪೆನ್ನು ಹಿಡಿಯಿರಿ. "ಕಂಡಂತೆ" ಅನ್ನುವ ಪದವನ್ನು ಬೇಕಂತಲೇ ಹಾಕಿದ್ದೇನೆ. ಪರದೆಯಲ್ಲಿ ಇರುವುದಕ್ಕಷ್ಟೇ ನಾನು ಸಾಕ್ಷಿ, ಯಾರಾದರೂ ಕೈಯಲ್ಲಿ ನಗದು ಕೊಟ್ಟಿದ್ದರೆ ಅದು ನನಗೆ ಗೊತ್ತಿಲ್ಲ. ಇನ್ನು ಚೀಟಿಯ ಕೆಳಗೆ ಎರಡು ಬೆರಳಷ್ಟು ಜಾಗ ಖಾಲಿ ಬಿಡಿ. ಅವರು ಓದಿ ಏನಾದರೂ ತಿದ್ದಿದರೆ ಹೊಸ ಚೀಟಿ ಬರೆಯದೆ ಅಲ್ಲೇ ಸೇರಿಸಬಹುದು.

ಆ ಜಾಗ ನನಗೆ ಬೇಕಾಯಿತು. ಸಂಜೆ ಒಂದು ಡಬ್ಬಿಯಲ್ಲಿ ಶೇಂಗಾ ಹೋಳಿಗೆ ಹಾಕಿಕೊಂಡು ಚೀಟಿ ಕೊಡಲು ಹೋದೆ. ವೈನಿ ನಿಂತಲ್ಲೇ ಓದಿದರು. 1,495ಕ್ಕೆ ಬಂದಾಗ ತಲೆ ಎತ್ತಿ, "ಇದು ನಿಮಗ ಹ್ಯಾಂಗ ಗೊತ್ತಾತು?" ಅಂದರು. ಕಳೆದು ನೋಡಿದೆ ಅಂದೆ. ಅಷ್ಟರಲ್ಲಿ ಒಳಗಿನಿಂದ ಅವರ ಮಗಳು, "ಅವ್ವಾ, ಆಟೋದವನಿಗೆ ಕೊಟ್ಟಿದ್ದು?" ಅಂತ ಕೂಗಿದಳು. ಮೋಟರನ್ನು ರಿವೈಂಡಿಂಗ್ ಅಂಗಡಿಗೆ ಒಯ್ದು ತಂದದ್ದಕ್ಕೆ 160 ರೂಪಾಯಿ, ನಗದು. ಬಿಲ್ಲಿನಲ್ಲಿ ಇಲ್ಲ, ಯಾವ ಸ್ಕ್ರೀನ್‌ಶಾಟ್‌ನಲ್ಲೂ ಇಲ್ಲ. ವೈನಿ ಬೇಡ ಬೇಡ ಅನ್ನುತ್ತಿದ್ದರೂ ಮಗಳಿಂದ ಪೆನ್ನು ಇಸಿದುಕೊಂಡು ಕೆಳಗಿನ ಖಾಲಿ ಜಾಗದಲ್ಲಿ ಬರೆದೆ: "ಆಟೋ 160 ಸೇರಿ, ವೈನಿ ಹಾಕಿದ್ದು 1,655 ರೂಪಾಯಿ."